ಗುರುಗಳ ಎಪ್ಪತ್ತು



ಗುರುವಿಗೆ ಶಿಷ್ಯರು ಗೌರವ ಸಲ್ಲಿಸುವ ಪರಿ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. 1941ರಲ್ಲಿ ಬಿ. ಎಂ. ಶ್ರೀಕಂಠಯ್ಯನವರಿಗೆ ಅವರ ಶಿಷ್ಯರೂ ಮಿತ್ರರೂ ‘ಸಂಭಾವನೆ’ ಎಂಬ ಗ್ರಂಥವನ್ನು ಅರ್ಪಿಸಿದರು. ಕಲಿತವರು ತಾವು ಕಲಿತುದನ್ನೇ ಕಾಣಿಕೆಯಾಗಿ ತಂದೊಪ್ಪಿಸುವುದು ಹಾರತುರಾಯಿಗಳಿಗಿಂತ ಮೇಲು. ಇಂದು ಎಪ್ಪತ್ತು ತುಂಬಿದ ನಮ್ಮ ಗುರುಗಳ ಮುಂದೆ ನಾವೂ ಅವರ ಒಂದು ಪಾಠವನ್ನು ಒಪ್ಪಿಸಿ ಕುಳಿತುಕೊಳ್ಳುತ್ತೇವೆ.

ಸುಮಾರು ಮೂವತ್ತು ವರುಷಗಳ ಹಿಂದಿನ ಮಾತು. ಇದೇ ಶಿವಮೊಗ್ಗೆಯಲ್ಲಿ ಗುರುಗಳು ನಮಗೆ ರಸಾಯನಶಾಸ್ತ್ರ ಹೇಳುತ್ತಿದ್ದರು. ಒಂದು ದಿನ ಕೇಳಿದರು: “1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಕಲ್ಲಿದ್ದಲಿರಲಿಲ್ಲ, ನಮ್ಮ ಕಾಡಿನ ಇದ್ದಿಲೇ ಗತಿ. ನೂರು ಕಿಲೋ ಕಬ್ಬಿಣಕ್ಕೆ ಎಷ್ಟು ಇದ್ದಿಲು ಬೇಕಾದೀತು?”

ನಾವು ಸಮೀಕರಣವನ್ನು ಬರೆದೆವು. ಶುದ್ಧವಾದ ಅದುರಿನ 160 ಭಾಗದಲ್ಲಿ 112 ಭಾಗ ಕಬ್ಬಿಣ, ಉಳಿದುದು ಆಮ್ಲಜನಕ. ಆ ಆಮ್ಲಜನಕವನ್ನು ಬಿಡಿಸುವ ಅನಿಲವನ್ನು ಮಾಡಲು 36 ಭಾಗ ಇಂಗಾಲ ಸಾಕು. ನೂರು ಕಿಲೋ ಕಬ್ಬಿಣಕ್ಕೆ ಸುಮಾರು 32 ಕಿಲೋ ಎಂದು ಹೆಮ್ಮೆಯಿಂದ ಒಪ್ಪಿಸಿದೆವು. ಗುರುಗಳು ತಪ್ಪೆಂದು ಗೀಟೆಳೆಯಲಿಲ್ಲ. “ಲೆಕ್ಕ ಸರಿ. ಆದರೆ ಕುಲುಮೆ ಒಪ್ಪುವುದಿಲ್ಲ” ಎಂದರು.

ಏಕೆ ಒಪ್ಪುವುದಿಲ್ಲವೆಂಬುದನ್ನೂ ಬಿಡಿಸಿ ಹೇಳಿದರು. ಅದುರನ್ನೂ ಕಬ್ಬಿಣವನ್ನೂ ಕರಗಿಸುವಷ್ಟು ಶಾಖಕ್ಕಾಗಿಯೂ ಇದ್ದಿಲು ಉರಿಯಬೇಕು. ಅಲ್ಲದೆ, ಕೆಲಸ ಮಾಡುವ ಅನಿಲವಾದ ಇಂಗಾಲದ ಮಾನಾಕ್ಸೈಡು ತನ್ನ ಸಾಮರ್ಥ್ಯವನ್ನೆಲ್ಲ ವ್ಯಯಮಾಡಲಾರದು. ಅದರೊಡನೆ ಡೈಆಕ್ಸೈಡು ಹೆಚ್ಚಾಗಿ ಬೆರೆತಂತೆಲ್ಲ ಕಬ್ಬಿಣದಿಂದ ಆಮ್ಲಜನಕವನ್ನು ಕಸಿದುಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಆದುದರಿಂದ ಒಂದಷ್ಟು ಅನಿಲ ಹಾಗೆಯೇ ಮೇಲಕ್ಕೆ ಹೊರಟುಹೋಗಲೇಬೇಕು. “ಅದು ವ್ಯರ್ಥ” ಎಂದು ಗುರುಗಳು ಪಾಠ ಮುಗಿಸಿದರು.

ಮುಂದಿನ ಭಾನುವಾರ ನಮ್ಮಲ್ಲಿ ಮೂವರನ್ನು ರೈಲಿನಲ್ಲಿ ಭದ್ರಾವತಿಗೆ ಕರೆದೊಯ್ದರು. ಕುಲುಮೆಯ ಬಳಿ ಬಹುಕಾಲ ದುಡಿದು ನಿವೃತ್ತರಾಗಿದ್ದ ವೃದ್ಧರೊಬ್ಬರ ಮನೆಯ ಜಗಲಿಯಲ್ಲಿ ನಮ್ಮನ್ನು ಕೂರಿಸಿ ಪ್ರಶ್ನೆಯನ್ನು ಅವರ ಮುಂದಿಟ್ಟರು. ಅಜ್ಜ ನಕ್ಕರು. “ಹೆಚ್ಚುಕಡಿಮೆ ಕಬ್ಬಿಣದಷ್ಟೇ ತೂಕ ಇದ್ದಿಲು, ಮೇಷ್ಟ್ರೇ. ಆ ಇದ್ದಿಲಿಗೆ ಅದರ ನಾಲ್ಕರಷ್ಟು ಸೌದೆ” ಎಂದರು. ನಮ್ಮ 32 ಕಿಲೋ ನೂರಾಗಿ, ನೂರು ನಾನೂರಾಗಿ, ಕಾಗದದ ಮೇಲಿದ್ದ ಲೆಕ್ಕ ಕಾಡಿನವರೆಗೆ ಹೋಯಿತು.

ಅನಂತರ ಗುರುಗಳು, “ಮೇಲಕ್ಕೆ ಹೋಗುವ ಅನಿಲ ವ್ಯರ್ಥವಲ್ಲವೆ?” ಎಂದರು. ಅಜ್ಜ ತಲೆಯಲ್ಲಾಡಿಸಿದರು. “ಯಾರು ಹೇಳಿದ್ದು? ಕೊಳವೆಯಲ್ಲಿ ಅದನ್ನು ಕೆಳಕ್ಕೆ ಇಳಿಸಿಕೊಂಡು, ಧೂಳು ತೆಗೆದು, ಒಲೆಯಲ್ಲಿ ಉರಿಸಿ ಇಟ್ಟಿಗೆ ಕಾಯಿಸ್ತಿದ್ವಿ. ಆಮೇಲೆ ಆ ಕಾದ ಇಟ್ಟಿಗೆಯ ಮೇಲೆ ಹಾಯಿಸಿ ಕುಲುಮೆಗೆ ಗಾಳಿ ಊದೋದು. ಉಳಿದದ್ದು ಬಾಯ್ಲರಿಗೆ. ಬಿಸಿಗಾಳಿ ಇಲ್ಲದಿದ್ದರೆ ಇದ್ದಿಲು ಇನ್ನೂ ತಿಂತಿತ್ತು.” ಕೊಂಚ ತಡೆದು ಹೇಳಿದರು: “ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಸೋರಿದರೆ ತಿಳಿಯೋದಿಲ್ಲ, ಆಳು ಬಿದ್ದಮೇಲೇ ತಿಳಿಯೋದು. ಬೆಂಕಿಗಿಂತ ಅದಕ್ಕೇ ನಾವು ಹೆದರ್ತಿದ್ವಿ.”

ಸೋಮವಾರ ಬೆಳಿಗ್ಗೆ ಗುರುಗಳು ತರಗತಿಗೆ ಬಂದು ಹಲಗೆಯ ಮೇಲೆ ಬರೆದ ಮೊದಲ ಸಾಲು, “ನಾನು ಹೇಳಿದ್ದು ತಪ್ಪು” ಎಂಬುದು. ತಮ್ಮನ್ನು ತಿದ್ದಿದವರು ಯಾರೆಂಬುದನ್ನೂ ಹೇಳಿದರು. ಆ ಅಜ್ಜ ಓದಿದವರಲ್ಲ ಎಂಬುದನ್ನು ಮುಚ್ಚಲಿಲ್ಲ, ಎತ್ತಿಯೂ ಆಡಲಿಲ್ಲ. ಭದ್ರಾವತಿಗೆ ಬಂದಿದ್ದವರು ಮೂವರೇ. ನಾವು ಬಾಯಿಬಿಡದಿದ್ದರೆ ಉಳಿದವರಿಗೆ ತಿಳಿಯುತ್ತಲೇ ಇರಲಿಲ್ಲ.

ಇದನ್ನು ಇಂದು ಹೇಳುವುದಕ್ಕೆ ಕಾರಣವಿದೆ. ನಾವೂ ಈಗ ಉಪನ್ಯಾಸಕರು. ಕೆಲವು ವರುಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ನಮ್ಮ ಲೆಕ್ಕವೊಂದನ್ನು ತುಂಬಿದ ತರಗತಿಯಲ್ಲಿ ಪ್ರಶ್ನಿಸಿದಳು. ಗದರಿಸಿ ಕೂರಿಸಿದೆವು. ಮನೆಗೆ ಹೋಗಿ ನೋಡಿದರೆ ಅವಳದೇ ಸರಿ. ಮರುದಿನ ಹಲಗೆಯ ಮುಂದೆ ನಿಂತಾಗ ಆ ಒಂದು ಸಾಲನ್ನು ಬರೆಯಲು ಕೈ ಬರಲಿಲ್ಲ. ಸುಮ್ಮನೆ ಮುಂದಿನ ಪಾಠಕ್ಕೆ ಹೋದೆವು. ಆಕೆ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಗುರುಗಳು ಅಂದು ಎಷ್ಟು ಕಷ್ಟದ ಕೆಲಸವನ್ನು ಎಷ್ಟು ಸುಲಭವಾಗಿ ಮಾಡಿದ್ದರೆಂಬುದು ನಮಗೆ ಗೊತ್ತಾದುದು ಆಗ.

ಪೂಜ್ಯರೆ, ಶುದ್ಧವಾದ ಅದುರಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕಬ್ಬಿಣವೆಂದು ಕಲಿಸಿದವರು ತಾವು. ಇಂದಿಗೆ ತಮಗೂ ಎಪ್ಪತ್ತು. ನಮ್ಮಲ್ಲಿ ಲೋಹದ ಪಾಲು ಎಷ್ಟೆಂಬುದನ್ನು ತಾವೇ ಬಲ್ಲಿರಿ. ಆ ವಿದ್ಯಾರ್ಥಿನಿಗೆ ನಾವು ನಿನ್ನೆ ರಾತ್ರಿ ಒಂದು ಕಾಗದ ಬರೆದು ಅಂಚೆಗೆ ಹಾಕಿ ಬಂದಿದ್ದೇವೆ. ಅದರ ಮೊದಲ ಸಾಲು ತಮ್ಮದು.