ಬರ, ಬಡ್ಡಿ, ಬಂಡವಾಳ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಬ್ಯಾಂಕಿಗೆ ಬರುವ ಆಪತ್ತನ್ನು ನಾವು ಮಳೆಯ ಲೆಕ್ಕದಲ್ಲಿ ಅಳೆಯುತ್ತೇವೆ. ಮಳೆ ಕೈಕೊಟ್ಟರೆ ಶೇಂಗಾ ಹೋಗುತ್ತದೆ, ಬೆಳೆ ಸಾಲ ವಸೂಲಾಗುವುದಿಲ್ಲ, ಬ್ಯಾಂಕು ನಷ್ಟಕ್ಕೆ ಬೀಳುತ್ತದೆ ಎಂಬ ಸರಣಿ ಎಲ್ಲರಿಗೂ ಗೊತ್ತು. ಆದರೆ ಸಾಲಗಾರನೊಬ್ಬನೂ ಕಂತು ತಪ್ಪಿಸದೆ, ಠೇವಣಿದಾರನೊಬ್ಬನೂ ದುಡ್ಡು ಹಿಂತೆಗೆಯದೆ ಬ್ಯಾಂಕಿನ ಸ್ವಂತ ಬಂಡವಾಳದ ಐದರಲ್ಲಿ ಒಂದು ಪಾಲು ಕರಗಿಹೋಗಬಲ್ಲದು. ಅದಕ್ಕೆ ಬಡ್ಡಿ ದರ ಶೇಕಡಾ ಒಂದರಷ್ಟು ಏರಿದರೆ ಸಾಕು. ಅದು ಹೇಗೆ ಎಂಬುದನ್ನು ಮೊದಲು ಲೆಕ್ಕದಿಂದ ತೋರಿಸುತ್ತೇನೆ. ಆಮೇಲೆ, ಈ ಸೀಮೆಯಲ್ಲಿ ಮಳೆಯ ಆಪತ್ತು ಮತ್ತು ಬಡ್ಡಿಯ ಆಪತ್ತು ಬೇರೆ ಬೇರೆಯಲ್ಲ, ಒಂದು ಇನ್ನೊಂದನ್ನು ಹಿಗ್ಗಿಸುತ್ತದೆ ಎಂಬ ನನ್ನ ವಾದವನ್ನು ನಿಮ್ಮ ಮುಂದಿಡುತ್ತೇನೆ.

ಆ ಲೆಕ್ಕಕ್ಕೆ ಬೇಕಾದ ಅಳತೆ ಡ್ಯುರೇಷನ್. ಅದೆಂದರೇನು ಎಂಬುದಕ್ಕೆ ಪಾವಗಡದಲ್ಲೇ ಒಳ್ಳೆಯ ನಿದರ್ಶನವಿದೆ. ತಿರುಮಣಿ, ವಳ್ಳೂರು ಸುತ್ತಿನ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಜಮೀನನ್ನು ರೈತರಿಂದ ಕೊಂಡುಕೊಂಡಿಲ್ಲ, 28 ವರ್ಷದ ಗುತ್ತಿಗೆಗೆ ಪಡೆಯಲಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಮುಂದಿನ 28 ವರ್ಷಗಳ ಈ ಬಾಡಿಗೆಗೆಲ್ಲ ಇವತ್ತಿನ ಬೆಲೆ ಕಟ್ಟಿದರೆ, ಶೇಕಡಾ 7ರ ಬಡ್ಡಿಯಲ್ಲಿ ಎಕರೆಗೆ ಸುಮಾರು 3.2 ಲಕ್ಷ ರೂಪಾಯಿ ಬರುತ್ತದೆ, ಶೇಕಡಾ 8ರಲ್ಲಿ ಸುಮಾರು 2.9 ಲಕ್ಷ. ರೈತನ ಕೈಗೆ ಬರುವ ಬಾಡಿಗೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಆದರೂ ಅದರ ಇವತ್ತಿನ ಬೆಲೆ ಹತ್ತರಲ್ಲಿ ಒಂದು ಪಾಲು ಕುಸಿಯಿತು. ಬಡ್ಡಿ ಶೇಕಡಾ ಒಂದು ಏರಿದಾಗ ಬೆಲೆ ಶೇಕಡಾ ಎಷ್ಟು ಇಳಿಯುತ್ತದೋ ಅದೇ ಪರಿಷ್ಕೃತ ಡ್ಯುರೇಷನ್. ಈ ಗುತ್ತಿಗೆಯದು ಸುಮಾರು ಹತ್ತು. ದುಡ್ಡು ಕೈಸೇರುವ ದಿನ ದೂರವಾದಷ್ಟೂ ಈ ಅಂಕಿ ದೊಡ್ಡದಾಗುತ್ತದೆ.

ಇದೇ ಅಳತೆಯನ್ನು ಬ್ಯಾಂಕಿನ ಬ್ಯಾಲೆನ್ಸ್ ಶೀಟಿಗೆ ಹಿಡಿಯೋಣ. ಯಾವ ನಿಜವಾದ ಬ್ಯಾಂಕಿನ ಲೆಕ್ಕವೂ ಇದಲ್ಲ, ಈ ನಾಲ್ಕು ತಾಲ್ಲೂಕುಗಳಲ್ಲೇ ವ್ಯವಹಾರ ನಡೆಸುವ ಒಂದು ಬ್ಯಾಂಕನ್ನು ಕಲ್ಪಿಸಿಕೊಂಡಿದ್ದೇನೆ. ಒಟ್ಟು ಆಸ್ತಿ 1,000 ಕೋಟಿ. ಅದರಲ್ಲಿ 50 ಕೋಟಿ ನಗದು, ಅದಕ್ಕೆ ಡ್ಯುರೇಷನ್ ಇಲ್ಲ. ಬೆಳೆ ಸಾಲ ಮತ್ತು ಒಡವೆ ಸಾಲ 400 ಕೋಟಿ, ವರ್ಷದೊಳಗೆ ತೀರುವಂಥದ್ದು, ಡ್ಯುರೇಷನ್ 0.6. ರೆಪೊ ದರದ ಜೊತೆ ಬಡ್ಡಿ ಬದಲಾಗುವ ಮನೆ ಸಾಲ ಮುಂತಾದವು 200 ಕೋಟಿ, ಡ್ಯುರೇಷನ್ 0.3. ನಿಗದಿತ ಬಡ್ಡಿಯ ವಾಹನ ಸಾಲದಂಥವು 100 ಕೋಟಿ, ಡ್ಯುರೇಷನ್ 2. ಉಳಿದ 250 ಕೋಟಿ ಎಂಟು ವರ್ಷದ ಸರ್ಕಾರಿ ಬಾಂಡುಗಳಲ್ಲಿದೆ, ಡ್ಯುರೇಷನ್ 6. ತೂಕ ಹಾಕಿ ಸರಾಸರಿ ತೆಗೆದರೆ ಆಸ್ತಿಯ ಡ್ಯುರೇಷನ್ 2. ಗಮನಿಸಿ, ಅದರ ಮುಕ್ಕಾಲು ಭಾಗ ಬಾಂಡುಗಳಿಂದಲೇ ಬಂದಿದೆ. ಠೇವಣಿಯ ಒಂದು ಪಾಲನ್ನು ಸರ್ಕಾರಿ ಬಾಂಡಿನಲ್ಲಿಡುವುದು ಶಾಸನದ ಕಟ್ಟಳೆ. ಸಾಲಕ್ಕೆ ಹೋಗದೆ ಮಿಕ್ಕ ಠೇವಣಿಯೂ ಅಲ್ಲಿಗೇ ಸೇರುತ್ತದೆ. ಹೀಗಾಗಿ ಈ ಬ್ಯಾಂಕಿನ ಬಡ್ಡಿಯ ಆಪತ್ತು ಹೊಲದಲ್ಲಿಲ್ಲ, ಯಾವತ್ತೂ ಮುಳುಗದ ಸಾಲವೆಂದು ನಾವು ನಂಬಿರುವ ಸರ್ಕಾರಿ ಕಾಗದದಲ್ಲಿದೆ.

ಇನ್ನೊಂದು ಬದಿಯಲ್ಲಿ 930 ಕೋಟಿ ಬೇರೆಯವರ ದುಡ್ಡು, 70 ಕೋಟಿ ಸ್ವಂತ ಬಂಡವಾಳ. ಬೇರೆಯವರ ದುಡ್ಡಿನಲ್ಲಿ 500 ಕೋಟಿ ನಿಶ್ಚಿತ ಠೇವಣಿ, ಡ್ಯುರೇಷನ್ 1.2. ಬ್ಯಾಂಕು ತಾನೇ ತಂದ ಸಾಲ 100 ಕೋಟಿ, ಡ್ಯುರೇಷನ್ 0.6. ಮಿಕ್ಕ 330 ಕೋಟಿ ಉಳಿತಾಯ ಖಾತೆಗಳದು. ಯಾರು ಯಾವಾಗ ಬೇಕಾದರೂ ತೆಗೆಯಬಹುದಾದ ದುಡ್ಡಾದ್ದರಿಂದ ಕರಾರಿನ ಪ್ರಕಾರ ಅದಕ್ಕೆ ಸೊನ್ನೆ ಹಾಕೋಣ. ಈ ಹೊಣೆಗಾರಿಕೆಯ ಡ್ಯುರೇಷನ್ನನ್ನು ಒಟ್ಟು ಆಸ್ತಿಯ ಪ್ರಮಾಣಕ್ಕೆ ಇಳಿಸಿದರೆ 0.66 ಬರುತ್ತದೆ. ಆಸ್ತಿಯ 2ರಲ್ಲಿ ಅದನ್ನು ಕಳೆದರೆ ಉಳಿಯುವ 1.34 ಈ ಬ್ಯಾಂಕಿನ ಡ್ಯುರೇಷನ್ ಅಂತರ. ಬಡ್ಡಿ ಶೇಕಡಾ ಒಂದು ಏರಿದರೆ 1,000 ಕೋಟಿಯ ಶೇಕಡಾ 1.34, ಅಂದರೆ 13.4 ಕೋಟಿ ಬಂಡವಾಳದ ಮೌಲ್ಯದಿಂದ ಹೋಗುತ್ತದೆ. ಆಸ್ತಿಗೆ ಹೋಲಿಸಿದರೆ ಇದು ಸಣ್ಣ ಮೊತ್ತ, ಆದರೆ 70 ಕೋಟಿ ಬಂಡವಾಳದಲ್ಲಿ ಶೇಕಡಾ 19. ಬ್ಯಾಂಕು ತನ್ನ ಬಂಡವಾಳದ ಹದಿನಾಲ್ಕು ಪಟ್ಟು ಆಸ್ತಿಯನ್ನು ಹೊತ್ತಿರುವುದರಿಂದ ಅಂತರವೂ ಹದಿನಾಲ್ಕು ಪಟ್ಟು ಹಿಗ್ಗಿ ಷೇರುದಾರನ ಮೇಲೆ ಬೀಳುತ್ತದೆ. ರಿಸರ್ವ್ ಬ್ಯಾಂಕ್ 2010ರ ನವೆಂಬರಿನಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ ಈ ಲೆಕ್ಕವನ್ನು ಕಡ್ಡಾಯ ಮಾಡಿದಾಗ ಪರೀಕ್ಷೆಗೆ ಹಿಡಿದ ಏರಿಳಿತ ಶೇಕಡಾ ಎರಡು. ಆ ಪರೀಕ್ಷೆಯಲ್ಲಿ ನಮ್ಮ ಬ್ಯಾಂಕು 26.8 ಕೋಟಿ ಕಳೆದುಕೊಳ್ಳುತ್ತದೆ.

ಬಾಂಡನ್ನು ನಾವು ಮಾರುವುದೇ ಇಲ್ಲ, ವಾಯಿದೆಯವರೆಗೆ ಇಟ್ಟುಕೊಂಡರೆ ಅಸಲು ಪೂರ್ತಿ ಬರುತ್ತದೆ, ನಷ್ಟವೆಲ್ಲಿ ಎಂದು ಬ್ಯಾಂಕಿನವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಲೆಕ್ಕಪತ್ರದ ನಿಯಮವೂ ಅವರ ಪರವಾಗಿದೆ. ಆದರೆ ನಷ್ಟ ಮಾಯವಾಗುವುದಿಲ್ಲ, ಕಂತಾಗಿ ಬರುತ್ತದೆ. 250 ಕೋಟಿ ಬಾಂಡು ಶೇಕಡಾ 6.5 ತರುತ್ತಿದೆ, ಮಾರುಕಟ್ಟೆಯ ದರ 7.5ಕ್ಕೆ ಏರಿದೆ ಎಂದುಕೊಳ್ಳಿ. ಬ್ಯಾಂಕಿಗೆ ಪ್ರತಿ ವರ್ಷ 2.5 ಕೋಟಿ ಕಡಿಮೆ ಆದಾಯ, ಎಂಟು ವರ್ಷದ ತನಕ. ಈ ಎಂಟು ಕಂತುಗಳ ಇವತ್ತಿನ ಬೆಲೆ 14.6 ಕೋಟಿ. ಡ್ಯುರೇಷನ್ ಲೆಕ್ಕ ಹೇಳಿದ್ದು 15 ಕೋಟಿ. ಎರಡೂ ಹೆಚ್ಚುಕಡಿಮೆ ಒಂದೇ, ದರ ಏರಿದಂತೆ ಬೆಲೆ ಇಳಿಯುವ ವೇಗ ತುಸು ತಗ್ಗುವುದರಿಂದ ಈ ಸಣ್ಣ ವ್ಯತ್ಯಾಸ. ಮಾರಿದವನು ಇವತ್ತು ಅಳುತ್ತಾನೆ, ಇಟ್ಟುಕೊಂಡವನು ಎಂಟು ವರ್ಷ ತೆಳ್ಳನೆಯ ಲಾಭದಲ್ಲಿ ಸವೆಯುತ್ತಾನೆ. ಜೊತೆಗೆ, ಮಾರುವುದಿಲ್ಲ ಎಂಬ ನಿರ್ಧಾರ ಬ್ಯಾಂಕಿನ ಕೈಯಲ್ಲಿರುವುದು ಠೇವಣಿದಾರ ಸುಮ್ಮನಿರುವ ತನಕ ಮಾತ್ರ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್ 8ರಂದು ಬಾಂಡು ಮಾರಿ 180 ಕೋಟಿ ಡಾಲರ್ ನಷ್ಟವಾಯಿತೆಂದು ಪ್ರಕಟಿಸಿತು. ಮರುದಿನ ಠೇವಣಿದಾರರು 4,200 ಕೋಟಿ ಡಾಲರ್ ಹಿಂತೆಗೆದರು. ಅದರ ಮರುದಿನ ಬ್ಯಾಂಕು ಮುಚ್ಚಿತು. ಅಲ್ಲಿನ ಠೇವಣಿಯ ಬಹುಪಾಲು ವಿಮೆಯ ಮಿತಿ ಮೀರಿದ್ದು. ನಮ್ಮ ತಾಲ್ಲೂಕುಗಳಲ್ಲಿ ಐದು ಲಕ್ಷದೊಳಗಿನ ಸಣ್ಣ ಖಾತೆಗಳೇ ಹೆಚ್ಚಾದ್ದರಿಂದ ಅಂಥ ಓಟದ ಭಯ ನನಗಿಲ್ಲ. ನಿಧಾನದ ಸವೆತದ ಭಯವಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಉಳಿತಾಯ ಖಾತೆಗೆ ಸೊನ್ನೆ ಹಾಕಿದ್ದೇ ತಪ್ಪು, ಜನ ಆ ದುಡ್ಡನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ, ಅದಕ್ಕೆ ಕೊಡುವ ಬಡ್ಡಿಯೂ ಏರುವುದಿಲ್ಲ ಎಂಬುದು. ಇದು ನಿಜ. 2011ರ ಅಕ್ಟೋಬರಿನಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಬ್ಯಾಂಕುಗಳ ವಿವೇಚನೆಗೆ ಬಿಟ್ಟರೂ ದೊಡ್ಡ ಬ್ಯಾಂಕುಗಳು ಬಹುಮಟ್ಟಿಗೆ ಅದನ್ನು ರೆಪೊ ದರದ ಹಿಂದೆ ಓಡಿಸಿಲ್ಲ. ಆದ್ದರಿಂದ 330 ಕೋಟಿಯಲ್ಲಿ 230 ಕೋಟಿ ಮೂರು ವರ್ಷ ನಿಲ್ಲುವ ದುಡ್ಡು ಎಂದು ಒಪ್ಪೋಣ. ಅಂತರ 1.34ರಿಂದ 0.65ಕ್ಕೆ ಇಳಿಯುತ್ತದೆ, ನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇಡೀ 330 ಕೋಟಿಗೆ ನಾಲ್ಕು ವರ್ಷದ ಡ್ಯುರೇಷನ್ ಕೊಟ್ಟರೆ ಅಂತರ ಇಲ್ಲವೆನ್ನುವಷ್ಟಾಗುತ್ತದೆ. ಒಂದು ರೂಪಾಯಿಯೂ ಅತ್ತಿತ್ತ ಹೋಗಿಲ್ಲ, ಒಂದು ಊಹೆ ಬದಲಾಯಿತು, ಅಷ್ಟರಿಂದ ಆಪತ್ತು ಕಾಗದದ ಮೇಲೆ ಅಳಿಸಿಹೋಯಿತು. ನನ್ನ ಆತಂಕ ಇಲ್ಲಿಯೇ ಇರುವುದು. ಡ್ಯುರೇಷನ್ ಅಂತರ ಎಂಬ ಅಂಕಿ ಬಾಂಡುಗಳ ಬಗ್ಗೆ ಎಷ್ಟು ಹೇಳುತ್ತದೋ ಠೇವಣಿದಾರರ ನಡವಳಿಕೆಯ ಬಗ್ಗೆ ನಮಗಿರುವ ನಂಬಿಕೆಯನ್ನೂ ಅಷ್ಟೇ ಹೇಳುತ್ತದೆ. ಆ ನಂಬಿಕೆ ಹುಟ್ಟಿದ್ದು ದರ ಕೆಳಗಿದ್ದ ಕಾಲದ ಅನುಭವದಿಂದ. ರೆಪೊ ದರ 4ರಲ್ಲಿದ್ದಾಗ ಉಳಿತಾಯ ಖಾತೆಗೂ ಎಫ್‌ಡಿಗೂ ಇದ್ದ ವ್ಯತ್ಯಾಸ ಆಮೇಲಿನಷ್ಟಿರಲಿಲ್ಲ. 2022ರ ಮೇ 4ರಿಂದ 2023ರ ಫೆಬ್ರುವರಿ 8ರೊಳಗೆ ಅದು 6.5ಕ್ಕೆ ಏರಿ ಎಫ್‌ಡಿ ದರಗಳು ಹಿಂಬಾಲಿಸಿದ ಮೇಲೆ ಖಾತೆಯಲ್ಲಿ ಸುಮ್ಮನೆ ಬಿದ್ದಿರುವ ದುಡ್ಡಿಗೆ ಏಳಲು ಕಾರಣ ಸಿಕ್ಕಿತು. ಸೋಲಾರ್ ಗುತ್ತಿಗೆಯ ಹಣದಂತೆ ವರ್ಷಕ್ಕೊಮ್ಮೆ ದೊಡ್ಡ ಮೊತ್ತವಾಗಿ ಖಾತೆಗೆ ಬೀಳುವ ದುಡ್ಡು ಮೊದಲು ಏಳುವಂಥದ್ದು. ದುಡ್ಡು ಬ್ಯಾಂಕು ಬಿಟ್ಟು ಹೋಗಬೇಕಿಲ್ಲ. ಅದೇ ಶಾಖೆಯಲ್ಲಿ ಎಫ್‌ಡಿಯಾದರೂ ಮೂರು ವರ್ಷ ಅಗ್ಗದಲ್ಲಿ ಸಿಗಬೇಕಿದ್ದ ದುಡ್ಡಿಗೆ ಇವತ್ತೇ ಪೂರ್ತಿ ಬೆಲೆ ತೆರಬೇಕಾಗುತ್ತದೆ.

ಆಸ್ತಿಯ ಕಡೆಗೂ ಇದೇ ಮಾತು, ಇಲ್ಲಿ ಬರ ಒಳಗೆ ಬರುತ್ತದೆ. ಬೆಳೆ ಸಾಲಕ್ಕೆ 0.6 ಎಂದು ಬರೆದದ್ದು ಕರಾರಿನ ಪ್ರಕಾರ. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ವಾಣಿಜ್ಯ ಮತ್ತು ಗ್ರಾಮೀಣ ಬ್ಯಾಂಕುಗಳು ಶೇಕಡಾ 7ರಂತೆಯೇ ವಿಧಿಸಬೇಕು, ಕೇಂದ್ರದಿಂದ ಅವಕ್ಕೆ ಸಿಗುವ ಸಹಾಯಧನ ಶೇಕಡಾ 1.5. ರೆಪೊ ಏರಿದರೂ ಈ 7 ಕದಲುವುದಿಲ್ಲ. ವರ್ಷವರ್ಷ ಅದೇ ರೈತನಿಗೆ ಅದೇ ದರದಲ್ಲಿ ನವೀಕರಣವಾಗುವ ಸಾಲ ಹೆಸರಿಗೆ ಒಂದು ವರ್ಷದ್ದು, ನಡತೆಯಲ್ಲಿ ದೀರ್ಘ ಕಾಲದ್ದು. ಬರ ಬಂದಾಗ ಇದು ಕಾಗದದ ಮೇಲೂ ಉದ್ದವಾಗುತ್ತದೆ. ರಿಸರ್ವ್ ಬ್ಯಾಂಕಿನ ಪ್ರಕೃತಿ ವಿಕೋಪ ಪರಿಹಾರದ 2018ರ ನಿರ್ದೇಶನಗಳಂತೆ ಬೆಳೆ ನಷ್ಟ ಶೇಕಡಾ 33ರಿಂದ 50 ಇದ್ದರೆ ಎರಡು ವರ್ಷಕ್ಕೆ, ಅದಕ್ಕಿಂತ ಹೆಚ್ಚಿದ್ದರೆ ಐದು ವರ್ಷಕ್ಕೆ ಸಾಲದ ಅವಧಿ ಹಿಗ್ಗಿಸಬಹುದು. ರೈತನಿಗೆ ಇದು ಸಿಗಲೇಬೇಕಾದ ಉಸಿರು, ಇದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ 400 ಕೋಟಿಯಲ್ಲಿ 100 ಕೋಟಿ ಹೀಗೆ ಐದು ಸಮ ಕಂತುಗಳಾದರೆ ಅದರ ಡ್ಯುರೇಷನ್ 0.6ರಿಂದ ಸುಮಾರು 2.6ಕ್ಕೆ ಏರುತ್ತದೆ, ಬ್ಯಾಂಕಿನ ಅಂತರ 1.34ರಿಂದ 1.54ಕ್ಕೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ರೆಪೊ ದರ 6.5ರ ಎತ್ತರದಲ್ಲಿ ನಿಂತಿತ್ತು. ಉಳಿತಾಯದ ದುಡ್ಡು ಎಫ್‌ಡಿಗೆ ಏಳುವುದು ಮತ್ತು ಬೆಳೆ ಸಾಲ ಉದ್ದವಾಗುವುದು ಒಂದೇ ವರ್ಷದಲ್ಲಿ ಕೂಡಿಬರಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಎಲ್ಲ ಅವಧಿಯ ದರಗಳೂ ಒಂದೇ ಅಳತೆಯಲ್ಲಿ ಏರುತ್ತವೆಂದು ಈ ಲೆಕ್ಕ ಭಾವಿಸುತ್ತದೆ, ಅದು ಸುಳ್ಳು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ರೆಪೊ ಎರಡೂವರೆ ಏರಿದ ಆ ಸುತ್ತಿನಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿ 2022ರ ಆರಂಭದ ಸುಮಾರು 6.5ರಿಂದ ವರ್ಷಾಂತ್ಯಕ್ಕೆ 7.3ರ ಆಸುಪಾಸಿಗೆ ಬಂದಿತ್ತು, ಅಷ್ಟೆ. ಬಾಂಡಿನ ನಷ್ಟ ಲೆಕ್ಕಕ್ಕಿಂತ ಬಹಳ ಕಡಿಮೆಯಾಯಿತು, ಗಿಡ್ಡ ಅವಧಿಯ ಠೇವಣಿಯ ಖರ್ಚು ಅದಕ್ಕಿಂತ ಜೋರಾಗಿ ಏರಿತು. ಆದ್ದರಿಂದ ಅವಧಿವಾರು ಬೇರೆ ಬೇರೆ ಏರಿಕೆ ಹಾಕಿ ಲೆಕ್ಕ ಮಾಡುವುದೇ ಸರಿ. ಆದರೆ ಯಾವ ಏರಿಕೆ ಹಾಕಿದರೂ ಆಡಳಿತ ಮಂಡಳಿಯ ಮುಂದೆ ಒಂದೇ ಅಂತರ ಇಡಬಾರದು. ಉಳಿತಾಯ ಪೂರ್ತಿ ನಿಂತರೆ ಎಷ್ಟು, ಮೂರನೇ ಒಂದು ಪಾಲು ಎಫ್‌ಡಿಗೆ ಹೋದರೆ ಎಷ್ಟು, ಅದೇ ವರ್ಷ ಬರ ಬಿದ್ದರೆ ಎಷ್ಟು ಎಂದು ಮೂರೂ ಬೇಕು. ಮೂರನೆಯದನ್ನು ಬಂಡವಾಳ ತಾಳದಿದ್ದರೆ ಸರಿಮಾಡಬೇಕಾದ್ದು ಬೆಳೆ ಸಾಲವನ್ನಲ್ಲ, ಬಾಂಡುಗಳನ್ನು. ಎಂಟು ವರ್ಷದ ಬಾಂಡುಗಳಲ್ಲಿ 100 ಕೋಟಿಯನ್ನು ಎರಡು ವರ್ಷದವುಗಳಿಗೆ ಬದಲಿಸಿದರೆ 1.34ರ ಅಂತರ 0.92ಕ್ಕೆ ಇಳಿಯುತ್ತದೆ. ಸಾಮಾನ್ಯ ಕಾಲದಲ್ಲಿ ಗಿಡ್ಡ ಬಾಂಡು ತುಸು ಕಡಿಮೆ ಬಡ್ಡಿ ತರುವುದರಿಂದ ವರ್ಷದ ಲಾಭ ಸ್ವಲ್ಪ ಕುಗ್ಗುತ್ತದೆ, ಅದೇ ಇದರ ಬೆಲೆ. ದರ ಶೇಕಡಾ ಒಂದು ಏರಿದ ಮೇಲೆ ಇದೇ ಬದಲಾವಣೆಗೆ ಕೈ ಹಾಕಿದರೆ ಆ 100 ಕೋಟಿಯ ಮೇಲೆ ಸುಮಾರು 6 ಕೋಟಿ ನಷ್ಟವನ್ನು ಅಂದೇ ಪುಸ್ತಕಕ್ಕೆ ಬರೆಯಬೇಕಾಗುತ್ತದೆ.