ಹಳೇ ಗ್ರಾಫಿಕ್ಸ್ ಕಾರ್ಡ್ ಮಾರ್ತೀರಾ? ಜಾಹೀರಾತಲ್ಲಿ ಏನು ಬರೀಬೇಕು?

ಇವತ್ತು ಒಂದೇ ವಿಷಯ ಮಾತಾಡೋಣ. ಹಳೇ ಗ್ರಾಫಿಕ್ಸ್ ಕಾರ್ಡ್ ಮಾರೋಕೆ ಹಾಕಿದಾಗ ಅದರ ಬಗ್ಗೆ ಏನು ಬರೀಬೇಕು ಅನ್ನೋದು.

"ಆರ್‌ಟಿಎಕ್ಸ್ 3060, ಗುಡ್ ಕಂಡಿಷನ್, ಫುಲ್ ವರ್ಕಿಂಗ್, ಅರ್ಜೆಂಟ್ ಸೇಲ್." ಇಂಥ ಜಾಹೀರಾತು ನೀವೂ ಎಷ್ಟೋ ನೋಡಿರ್ತೀರಿ. ಇದನ್ನ ಓದಿದವರಿಗೆ ಏನು ಗೊತ್ತಾಯ್ತು? ಏನೂ ಇಲ್ಲ. ಈ ಹೆಸರಲ್ಲಿ 12 ಜಿಬಿ ಕಾರ್ಡೂ ಇದೆ, 8 ಜಿಬಿ ಕಾರ್ಡೂ ಇದೆ. ಎರಡರ ಸ್ಪೀಡೂ ಬೇರೆ, ಬೆಲೆನೂ ಬೇರೆ. ಯಾವುದು ಅಂತಾನೇ ಬರೆದಿಲ್ಲ.

ದಾವಣಗೆರೆಯಲ್ಲಿರೋ ನನ್ನ ಗೆಳೆಯ ಒಬ್ಬ ಹೋದ ತಿಂಗಳು ತನ್ನ 3060 ಮಾರಬೇಕು ಅಂದ. ಅವನ ಕಾರ್ಡನ್ನೇ ಉದಾಹರಣೆಗೆ ತಗೊಳ್ತೀನಿ. ಯಾಕಂದ್ರೆ ಅದರಲ್ಲಿ ಒಂದು ತೊಡಕು ಇತ್ತು. ಅವನು ಎರಡನೇ ಓನರ್. ಮೊದಲಿನವರು ಅದನ್ನ ಸುಮಾರು 10 ತಿಂಗಳು ಕ್ರಿಪ್ಟೋ ಮೈನಿಂಗ್‌ಗೆ ಹಾಕಿದ್ರು. ಇದನ್ನ ಹೇಳಿದ್ರೆ ಯಾರು ತಗೋತಾರೆ ಅನ್ನೋದು ಅವನ ಚಿಂತೆ.

ಮೊದಲು ಹೊಂದಾಣಿಕೆ, ಅಂದ್ರೆ ತಗೊಳ್ಳೋರ ಕಂಪ್ಯೂಟರಿಗೆ ಇದು ಕೂರುತ್ತಾ ಅನ್ನೋದು. GPU-Z ಅನ್ನೋ ಫ್ರೀ ಸಾಫ್ಟ್‌ವೇರ್ ಓಪನ್ ಮಾಡಿದ್ರೆ ಮೆಮೊರಿ ಎಷ್ಟು, ಬಸ್ ಅಗಲ ಎಷ್ಟು ಅಂತ ಕಾಣುತ್ತೆ. 12 ಜಿಬಿ ಕಾರ್ಡಾದ್ರೆ 192 ಬಿಟ್, 8 ಜಿಬಿ ಆದ್ರೆ 128 ಬಿಟ್. ಆ ಸ್ಕ್ರೀನ್‌ಶಾಟನ್ನೇ ಹಾಕಿ. ಆಮೇಲೆ ಟೇಪ್ ಹಿಡಿದು ಕಾರ್ಡಿನ ಉದ್ದ ಅಳೆಯಿರಿ. ಒಂದೇ 3060ನ ಬೇರೆ ಬೇರೆ ಕಂಪನಿ ಬೇರೆ ಬೇರೆ ಉದ್ದಕ್ಕೆ ಮಾಡುತ್ತೆ. ಎರಡು ಫ್ಯಾನ್ ಇದ್ರೆ ಗಿಡ್ಡ, ಮೂರಿದ್ರೆ ಸಣ್ಣ ಕ್ಯಾಬಿನೆಟ್ ಒಳಗೆ ಹೋಗದೇ ಇರಬಹುದು. ನನ್ನ ಗೆಳೆಯನ ಕಾರ್ಡು 240 ಮಿಲಿಮೀಟರ್ ಇತ್ತು, ಎರಡು ಸ್ಲಾಟ್ ದಪ್ಪ.

ಕರೆಂಟಿನ ವಿಷಯ: 3060 ಸುಮಾರು 170 ವ್ಯಾಟ್ ಎಳೆಯುತ್ತೆ. ಕಂಪನಿ 550 ವ್ಯಾಟ್ ಪವರ್ ಸಪ್ಲೈ ಇರಲಿ ಅನ್ನುತ್ತೆ. ಇವನ ಕಾರ್ಡಿಗೆ ಒಂದು 8 ಪಿನ್ ಕೇಬಲ್ ಬೇಕು. "ನಾನು ಇದನ್ನ 550 ವ್ಯಾಟ್‌ನಲ್ಲಿ ಓಡಿಸಿದ್ದೀನಿ" ಅಂತ ಒಂದು ಸಾಲು ಬರೆದ್ರೆ ಸಾಕು. ಇನ್ನೊಂದು, ಇದರಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ ಇರೋದು. ನಮ್ಮಲ್ಲಿ ಎಷ್ಟೋ ಮನೇಲಿ ಇನ್ನೂ ನೀಲಿ ಪಿನ್ನಿನ ವಿಜಿಎ ಮಾನಿಟರ್ ಇದೆ. ಅವರಿಗೆ ಕನ್ವರ್ಟರ್ ಬೇಕಾಗುತ್ತೆ. ಮೊದಲೇ ಹೇಳಿದ್ರೆ "ಡಿಸ್‌ಪ್ಲೇ ಬರ್ತಿಲ್ಲ" ಅನ್ನೋ ರಾತ್ರಿ ಫೋನು ತಪ್ಪುತ್ತೆ.

ಎರಡನೇದು ಟೆಸ್ಟ್. "ವರ್ಕಿಂಗ್" ಅನ್ನೋ ಪದಕ್ಕೆ ಅರ್ಥವೇ ಇಲ್ಲ. ವಿಂಡೋಸ್ ಪರದೆ ಬಂದ್ರೂ ವರ್ಕಿಂಗೇ. ಎಷ್ಟು ಹೊತ್ತು, ಯಾವುದರಲ್ಲಿ, ಎಷ್ಟು ಬಿಸಿ ಆಯ್ತು ಅಂತ ಹೇಳಿ. ಓವರ್‌ಕ್ಲಾಕ್ ಏನಾದ್ರೂ ಇದ್ರೆ ತೆಗೆದು, ಕ್ಯಾಬಿನೆಟ್ ಮುಚ್ಚಿ, ಒಂದು ಭಾರಿ ಗೇಮ್ ಅರ್ಧ ಗಂಟೆ ಓಡಿಸಿ. GPU-Z ಸೆನ್ಸರ್ ಪುಟದಲ್ಲಿ ಎರಡು ಸಂಖ್ಯೆ ಬರ್ಕೊಳ್ಳಿ: `GPU Temperature` ಮತ್ತು `Hot Spot`. ಎರಡನೇದು ಚಿಪ್ಪಿನ ಅತಿ ಬಿಸಿ ಜಾಗ. ಗೆಳೆಯನ ಕಾರ್ಡಲ್ಲಿ ಮೊದಲನೇದು 72 ಡಿಗ್ರಿ, ಎರಡನೇದು 86. ವ್ಯತ್ಯಾಸ 14, ಚೆನ್ನಾಗಿದೆ. ಈ ವ್ಯತ್ಯಾಸ 25, 30 ಅಂತ ಹೋದ್ರೆ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲಾ ಹೀಟ್‌ಸಿಂಕ್ ಸರಿ ಕೂತಿಲ್ಲ ಅಂತ ಅನುಮಾನ ಪಡಬೇಕು. ರೂಮಿನ ಉಷ್ಣತೆನೂ ಬರೀರಿ. ಏಪ್ರಿಲ್‌ನ ರಾಯಚೂರಿನ 72 ಡಿಗ್ರಿನೂ ಡಿಸೆಂಬರ್‌ನ ಮಡಿಕೇರಿಯ 72 ಡಿಗ್ರಿನೂ ಒಂದೇ ಅಲ್ಲ.

ಗೇಮ್ ಓಡಿದ್ರೂ ಮೆಮೊರಿ ಕೆಟ್ಟಿರಬಹುದು, ಯಾಕಂದ್ರೆ ಎಷ್ಟೋ ಗೇಮ್ ಪೂರ್ತಿ 12 ಜಿಬಿ ಮುಟ್ಟೋದೇ ಇಲ್ಲ. ಅದಕ್ಕೆ OCCT ಅನ್ನೋ ಸಾಫ್ಟ್‌ವೇರಲ್ಲಿ `VRAM` ಟೆಸ್ಟ್ ಅರ್ಧ ಗಂಟೆ ಹಾಕಿ. ಕೊನೇಲಿ ಎರರ್ ಸೊನ್ನೆ ಇರಬೇಕು. ಒಂದೇ ಎರರ್ ಬಂದ್ರೂ ಅದನ್ನ ಮುಚ್ಚಿಡಬೇಡಿ.

ಈಗ ಆ ತೊಡಕಿನ ಭಾಗ. ಹಳೇ ಎಸ್‌ಎಸ್‌ಡಿ ತಗೊಂಡ್ರೆ ಅದು ಎಷ್ಟು ಗಂಟೆ ಓಡಿದೆ ಅಂತ ಅದರೊಳಗೇ ದಾಖಲೆ ಇರುತ್ತೆ. ಬೈಕಿಗೆ ಮೀಟರ್ ಇದೆ. ಆದ್ರೆ ಇಂಥ ಗ್ರಾಫಿಕ್ಸ್ ಕಾರ್ಡಲ್ಲಿ ತಗೊಳ್ಳೋರು ತೆಗೆದು ನೋಡೋ ಹಾಗೆ ಅಂಥ ಮೀಟರ್ ಇಲ್ಲ. ಮಾರೋರ ಮಾತೇ ಅದರ ಮೀಟರು. ಅದಕ್ಕೇ ಇಲ್ಲಿ ಮುಚ್ಚಿಟ್ರೆ ಅದು ಮೋಸವೇ.

ಲೆಕ್ಕ ನೋಡಿ. 10 ತಿಂಗಳು ದಿನಕ್ಕೆ 24 ಗಂಟೆ ಅಂದ್ರೆ ಸುಮಾರು 7,200 ಗಂಟೆ. ದಿನಕ್ಕೆ 3 ಗಂಟೆ ಗೇಮ್ ಆಡೋನಿಗೆ ಅಷ್ಟು ಓಡಿಸೋಕೆ ಆರೂವರೆ ವರ್ಷ ಬೇಕು. ಹಾಗಂತ ಕಾರ್ಡ್ ಸತ್ತೇಹೋಗಿದೆ ಅಂತಲ್ಲ. ಮೈನಿಂಗ್ ಮಾಡೋರು ಕರೆಂಟ್ ಬಿಲ್ ಉಳಿಸೋಕೆ ಸಾಮಾನ್ಯವಾಗಿ ಚಿಪ್ಪಿನ ಪವರ್ ಇಳಿಸಿ ಓಡಿಸ್ತಿದ್ರು, ಹಾಗಾಗಿ ಚಿಪ್ಪಿಗೆ ಅಷ್ಟೇನೂ ಪೆಟ್ಟಿಲ್ಲ. ಸವೆಯೋದು ಫ್ಯಾನು, ಥರ್ಮಲ್ ಪ್ಯಾಡು, ಮತ್ತೆ ಹಗಲೂ ರಾತ್ರಿ ಬಿಸಿಯಾದ ಮೆಮೊರಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಮೈನಿಂಗ್ ನಿಂತುಹೋಯ್ತು, ಆಗ ಇಂಥ ಕಾರ್ಡುಗಳು ಮಾರ್ಕೆಟ್ಟಿಗೆ ಬಂದ್ವು. ಅದಕ್ಕೇ ಈಗ್ಲೂ ಗೊತ್ತಿರೋರು ಕೇಳೋ ಮೊದಲ ಪ್ರಶ್ನೆ ಅದೇ.

ಫ್ಯಾನ್ ಬೇರಿಂಗ್ ಸವೆದಿದ್ರೆ ಪೂರ್ತಿ ಸ್ಪೀಡಲ್ಲಿ ಗರಗರ ಸದ್ದು ಬರುತ್ತೆ. ಪ್ಯಾಡ್ ಹಳತಾಗಿದ್ರೆ ಬೋರ್ಡಿನ ಅಂಚಲ್ಲಿ ಎಣ್ಣೆ ಜಿನುಗಿದ ಗುರುತು ಇರಬಹುದು. ಇದನ್ನೂ ನೋಡಿ, ಇದ್ರೆ ಫೋಟೋ ಹಾಕಿ.

ಬರೆಯುವಾಗ ನೀವು ಅಳೆದಿದ್ದು, ನಿಮಗೆ ಇನ್ನೊಬ್ಬರು ಹೇಳಿದ್ದು, ನಿಮಗೆ ಗೊತ್ತಿಲ್ಲದ್ದು, ಈ ಮೂರನ್ನೂ ಕಲಸಬೇಡಿ. ಕೊನೆಗೆ ಗೆಳೆಯ ಹಾಕಿದ ಜಾಹೀರಾತು ಹೀಗಿತ್ತು:

"ಆರ್‌ಟಿಎಕ್ಸ್ 3060, 12 ಜಿಬಿ. ಎರಡು ಫ್ಯಾನ್, ಉದ್ದ 240 ಮಿ.ಮೀ., ಒಂದು 8 ಪಿನ್. 550 ವ್ಯಾಟ್ ಪವರ್ ಸಪ್ಲೈನಲ್ಲಿ ಬಳಸಿದ್ದೇನೆ. ವಿಜಿಎ ಪೋರ್ಟ್ ಇಲ್ಲ. 30 ಡಿಗ್ರಿ ರೂಮಿನಲ್ಲಿ ಅರ್ಧ ಗಂಟೆ ಗೇಮ್: 72 ಡಿಗ್ರಿ, ಹಾಟ್ ಸ್ಪಾಟ್ 86. ಮೆಮೊರಿ ಟೆಸ್ಟ್ 30 ನಿಮಿಷ, ಎರರ್ 0. ನಾನು ಎರಡನೇ ಓನರ್, ಎರಡು ವರ್ಷ ಗೇಮ್‌ಗೆ ಮಾತ್ರ ಬಳಸಿದ್ದೇನೆ. ಮೊದಲ ಓನರ್ ಸುಮಾರು 10 ತಿಂಗಳು ಮೈನಿಂಗ್ ಮಾಡಿದ್ದಾಗಿ ಹೇಳಿದ್ದರು. ಪೇಸ್ಟ್, ಪ್ಯಾಡ್ ನಾನು ಬದಲಿಸಿಲ್ಲ, ಅವರು ಬದಲಿಸಿದ್ದಾರೋ ಗೊತ್ತಿಲ್ಲ. ಒಂದು ಫ್ಯಾನ್ ಪೂರ್ತಿ ಸ್ಪೀಡಲ್ಲಿ ಸ್ವಲ್ಪ ಸದ್ದು ಮಾಡುತ್ತದೆ. ವಾರಂಟಿ ಮುಗಿದಿದೆ. ಮನೆಗೆ ಬಂದರೆ ನಿಮ್ಮ ಮುಂದೆಯೇ ಟೆಸ್ಟ್ ಓಡಿಸಿ ತೋರಿಸುತ್ತೇನೆ."

ಮೈನಿಂಗ್ ಆಗದ ಕಾರ್ಡುಗಳಿಗಿಂತ ಎರಡು ಸಾವಿರ ಕಮ್ಮಿ ಇಟ್ಟಿದ್ದ. ಮೈನಿಂಗ್ ಅಂತ ಓದಿ ಕೆಲವರು ಮೆಸೇಜ್ ಮಾಡೋದನ್ನೇ ಬಿಟ್ರು. ಹರಿಹರದಿಂದ ಒಬ್ಬ ಹುಡುಗ ಬಂದ, ಟೆಸ್ಟ್ ನೋಡ್ದ, ಫ್ಯಾನಿನ ಸದ್ದು ಕೇಳ್ದ, "ಇದು ಬರೆದಿದ್ರಲ್ಲ ಅಣ್ಣಾ" ಅಂತ ಹೇಳಿ ಚೌಕಾಸಿ ಮಾಡದೆ ದುಡ್ಡು ಕೊಟ್ಟು ತಗೊಂಡು ಹೋದ.

ಒಂದು ಮಿತಿ ನೆನಪಿರಲಿ. ಇವತ್ತಿನ ಟೆಸ್ಟ್ ಇವತ್ತಿನ ಸ್ಥಿತಿ ಮಾತ್ರ ಹೇಳುತ್ತೆ, ಆರು ತಿಂಗಳಾದ್ಮೇಲೆ ಏನಾಗುತ್ತೆ ಅಂತ ಹೇಳಲ್ಲ. ಅದಕ್ಕೇ ಗ್ಯಾರಂಟಿ ಅನ್ನೋ ಪದ ಬರೀಬೇಡಿ, ಟೆಸ್ಟ್ ಮಾಡಿದ ತಾರೀಖು ಬರೀರಿ.

ಮುಂದಿನ ಎಪಿಸೋಡಲ್ಲಿ ಹಳೇ ರ‍್ಯಾಮ್ ಮಾರೋದು, ತಗೊಳ್ಳೋದರ ಬಗ್ಗೆ ಮಾತಾಡ್ತೀನಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.