'ಇಲ್ಲ' ಎನ್ನಲು ದಾರಿ ಬಿಟ್ಟು ಕೇಳುವುದು
(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಪ್ರೌಢಶಾಲೆಯ ಕನ್ನಡ ಪಾಠಗಳಲ್ಲಿ ವಿನಂತಿ ಪತ್ರಕ್ಕೆ ಒಂದು ಸ್ಥಿರವಾದ ಸ್ಥಾನವಿದೆ. ರಜೆಗಾಗಿ ಮುಖ್ಯೋಪಾಧ್ಯಾಯರಿಗೆ, ಬಸ್ಸಿನ ಸೌಕರ್ಯಕ್ಕಾಗಿ ಅಧಿಕಾರಿಗೆ, ಬೀದಿದೀಪಕ್ಕಾಗಿ ಪಂಚಾಯಿತಿಗೆ ಬರೆಯುವುದನ್ನು ಮಕ್ಕಳು ಅಭ್ಯಾಸ ಮಾಡುತ್ತಾರೆ. ಈ ಪತ್ರಗಳೆಲ್ಲ 'ಮಂಜೂರು ಮಾಡಬೇಕೆಂದು ಕೋರುತ್ತೇನೆ', 'ಒದಗಿಸಿಕೊಡಬೇಕಾಗಿ ವಿನಂತಿ' ಎಂಬ ಬಗೆಯ ವಾಕ್ಯದಲ್ಲಿ ಮುಗಿಯುತ್ತವೆ. ಅಲ್ಲಿ ಈ ಮಾತು ಸರಿಯೇ. ಆ ಕೆಲಸ ಕಚೇರಿಯ ಕರ್ತವ್ಯ. ಕೇಳುವವರಿಗೆ ಅದು ಸಲ್ಲಬೇಕಾದದ್ದು. ಆದರೆ ಇದೇ ಮಾದರಿಯನ್ನು ಮಕ್ಕಳೂ ಹಲವೊಮ್ಮೆ ಹಿರಿಯರೂ ಪರಿಚಿತರ ಮನೆಬಾಗಿಲಿಗೆ ಕೊಂಡೊಯ್ಯುತ್ತಾರೆ. ಪರಿಚಿತರು ಮಾಡುವುದು ಕರ್ತವ್ಯವಲ್ಲ, ಉಪಕಾರ. ಅದನ್ನು ಮಾಡದೆ ಇರುವ ಸ್ವಾತಂತ್ರ್ಯ ಅವರಿಗಿದ್ದಾಗ ಮಾತ್ರ ಅದು ಉಪಕಾರವಾಗುತ್ತದೆ. ಆ ಸ್ವಾತಂತ್ರ್ಯವನ್ನು ಉಳಿಸುವ ಕೇಳಿಕೆ ಹೇಗಿರುತ್ತದೆ ಎಂಬುದೇ ಇಂದಿನ ವಿಷಯ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ದಿನವೂ ಎದುರಾಗಬಹುದಾದ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಮಂಜೇಶ್ವರದ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ವಿದ್ಯಾರ್ಥಿವೇತನದ ಕುರಿತು ನಾಲ್ಕು ಪುಟಗಳ ಸುತ್ತೋಲೆ ಬಂದಿದೆ. ಅದು ಮಲಯಾಳದಲ್ಲಿದೆ. ಶುಕ್ರವಾರ ಹೆತ್ತವರ ಸಭೆ. ಅರ್ಜಿಯೊಂದಿಗೆ ಯಾವ ಯಾವ ದಾಖಲೆಗಳನ್ನು ಇಡಬೇಕೆಂದು ಅಲ್ಲಿ ಖಚಿತವಾಗಿ ಹೇಳಬೇಕು. ಒಂದು ದಾಖಲೆ ತಪ್ಪಿದರೂ ಮಗುವಿನ ಅರ್ಜಿ ಹಿಂದಿರುಗಬಹುದು. ಶಿಕ್ಷಕಿಗೆ ಮಲಯಾಳ ಮಾತು ತಿಳಿಯುತ್ತದೆ, ಆದರೆ ಕಚೇರಿಯ ಬರಹದಲ್ಲಿ ಭರವಸೆಯಿಲ್ಲ. ದಿನವೂ ಅದೇ ಬಸ್ಸಿನಲ್ಲಿ ಬರುವ ಮಹಿಳೆಯೊಬ್ಬರು ಒಂದು ಕಚೇರಿಯಲ್ಲಿ ಗುಮಾಸ್ತೆ. ಎರಡು ಭಾಷೆಗಳನ್ನೂ ಚೆನ್ನಾಗಿ ಬಲ್ಲವರು. ಇಬ್ಬರ ನಡುವೆ ನಗು, ಕುಶಲದ ಮಾತು ಇವೆ. ಅದಕ್ಕಿಂತ ಹೆಚ್ಚಿನ ಬಳಕೆಯಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ, ಹತ್ತು ಜನರ ನಡುವೆ, ಶಿಕ್ಷಕಿ ಸುತ್ತೋಲೆಯನ್ನು ಅವರ ಕೈಗಿಟ್ಟು ಹೀಗೆ ಹೇಳಿದರೆನ್ನಿ: "ಅಕ್ಕ, ನಿಮಗೆ ಇದು ಐದು ನಿಮಿಷದ ಕೆಲಸ. ನಿಮ್ಮನ್ನೇ ನಂಬಿಕೊಂಡಿದ್ದೇನೆ. ಮಕ್ಕಳಿಗೋಸ್ಕರ ಇದನ್ನು ಕನ್ನಡಕ್ಕೆ ಮಾಡಿಕೊಡಲೇಬೇಕು, ಇಲ್ಲ ಎನ್ನಬೇಡಿ." ಈ ಮಾತಿನಲ್ಲಿ ಒರಟುತನವಿಲ್ಲ, ಕೇಳಲು ಪ್ರೀತಿಯ ಮಾತೇ. ಆದರೂ ಇದರ ಒಂದೊಂದು ವಾಕ್ಯವೂ ಒಂದೊಂದು ಬಾಗಿಲನ್ನು ಮುಚ್ಚುತ್ತದೆ. 'ಐದು ನಿಮಿಷದ ಕೆಲಸ' ಎಂದಮೇಲೆ ಬಿಡುವಿಲ್ಲವೆನ್ನಲು ಬಾಯಿ ಬಾರದು. 'ನಿಮ್ಮನ್ನೇ ನಂಬಿದ್ದೇನೆ' ಎಂದಮೇಲೆ ನಿರಾಕರಣೆ ನಂಬಿಕೆದ್ರೋಹದಂತೆ ಕಾಣುತ್ತದೆ. 'ಮಕ್ಕಳಿಗೋಸ್ಕರ' ಎಂದಮೇಲೆ ಒಪ್ಪದವರು ಮಕ್ಕಳ ಹಿತ ಬಯಸದವರಾಗುತ್ತಾರೆ. ಸುತ್ತ ಹತ್ತು ಜನ ಕೇಳುತ್ತಿದ್ದಾರೆ. ಕಾಗದ ಆಗಲೇ ಕೈಯಲ್ಲಿದೆ.

ಆಕೆ 'ಆಯಿತು ಟೀಚರ್, ನೋಡೋಣ' ಎನ್ನುತ್ತಾರೆ. ಬುಧವಾರ ಉತ್ತರವಿಲ್ಲ. ಗುರುವಾರ ಕರೆ ಮಾಡಿದರೆ ಫೋನ್ ಎತ್ತುವುದಿಲ್ಲ. ಶುಕ್ರವಾರದ ಸಭೆಯಲ್ಲಿ ಶಿಕ್ಷಕಿ ಅಂದಾಜಿನ ಮೇಲೆ ವಿವರಿಸಬೇಕಾಗುತ್ತದೆ. ಮುಂದಿನ ವಾರ ಇಬ್ಬರೂ ಬಸ್ಸಿನಲ್ಲಿ ಬೇರೆ ಬೇರೆ ಕಡೆ ಕುಳಿತುಕೊಳ್ಳುತ್ತಾರೆ. ಒತ್ತಾಯದ ಕೇಳಿಕೆಯ ದೊಡ್ಡ ನಷ್ಟ ಇದೇ: ಅದರಿಂದ ಪ್ರಾಮಾಣಿಕವಾದ 'ಇಲ್ಲ' ದೊರೆಯುವುದಿಲ್ಲ, ಸುಳ್ಳಾದ 'ಹೌದು' ದೊರೆಯುತ್ತದೆ. ಸೋಮವಾರವೇ 'ಇಲ್ಲ' ಎಂಬುದು ತಿಳಿದಿದ್ದರೆ ಬೇರೊಬ್ಬರನ್ನು ಕೇಳಲು ಮೂರು ದಿನಗಳಿದ್ದವು.

ಒತ್ತಾಯ ಎಲ್ಲಿ ಹುಟ್ಟುತ್ತದೆಂಬುದನ್ನು ಕನ್ನಡದ ಕ್ರಿಯಾಪದವೇ ತೋರಿಸಿಕೊಡುತ್ತದೆ. ಮೂರು ವಾಕ್ಯಗಳನ್ನು ಪಕ್ಕದಲ್ಲಿಟ್ಟು ನೋಡಬಹುದು. 'ಮಾಡಿಕೊಡಬೇಕು' ಎಂಬುದು ಮೊದಲನೆಯದು. ಇದು ಪ್ರಶ್ನೆಯಲ್ಲ, ಆದ್ದರಿಂದ ಇದಕ್ಕೆ ಸಹಜವಾದ ಉತ್ತರ 'ಆಗಲಿ' ಒಂದೇ. 'ಮಾಡಿಕೊಡುತ್ತೀರಾ?' ಎಂಬುದು ಎರಡನೆಯದು. ಇದು ಪ್ರಶ್ನೆ, ಆದರೆ ಕೇಳಿಸಿಕೊಳ್ಳುವವರ ಮನಸ್ಸನ್ನು ಕುರಿತ ಪ್ರಶ್ನೆ. ಇದನ್ನು ನಿರಾಕರಿಸುವವರು 'ಮಾಡಿಕೊಡುವುದಿಲ್ಲ' ಎನ್ನಬೇಕು. ಪರಿಚಿತರ ಮುಖಕ್ಕೆ ಹೇಳಲಾಗದಷ್ಟು ಕಠಿಣ ಮಾತು ಅದು. 'ನಿಮಗೆ ಆದೀತೇ?' ಎಂಬುದು ಮೂರನೆಯದು. ಇಲ್ಲಿ ಪ್ರಶ್ನೆ ಮನಸ್ಸನ್ನು ಕುರಿತದ್ದಲ್ಲ, ಸಂದರ್ಭವನ್ನು ಕುರಿತದ್ದು. ಇದಕ್ಕೆ 'ಈ ವಾರ ಆಗಲಿಕ್ಕಿಲ್ಲ' ಎಂದು ಉತ್ತರಿಸಬಹುದು. ಆಗದೆ ಹೋದದ್ದು ಕೆಲಸ; ಒಲ್ಲೆ ಎಂದದ್ದು ಮನುಷ್ಯರಲ್ಲ. ಕೇಳಿದವರ ಮಾನವೂ ಉಳಿಯಿತು, ಹೇಳಿದವರ ಮಾನವೂ ಉಳಿಯಿತು.

ಹಾಗಾದರೆ ಸೂತ್ರ ಇಷ್ಟು: ನಿರಾಕರಿಸುವವರಿಗೆ ಬೇಕಾದ ಮಾತು ಕೇಳುವವರ ಪ್ರಶ್ನೆಯಲ್ಲೇ ಸಿದ್ಧವಾಗಿರಬೇಕು. ವ್ಯಾಕರಣದ ಪಾಠದಲ್ಲಿ ಮಕ್ಕಳು ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ರೂಪಗಳನ್ನು ಪಟ್ಟಿಯಾಗಿ ಕಲಿಯುತ್ತಾರೆ. 'ಆದೀತು' ಎಂಬ ಸಂಭಾವನಾರ್ಥಕವೂ 'ಆಗದು' ಎಂಬ ನಿಷೇಧಾರ್ಥಕವೂ ಬದುಕಿನಲ್ಲಿ ಜೋಡಿಯಾಗಿ ಕೆಲಸ ಮಾಡುವುದು ಇಂಥ ಕಡೆಯಲ್ಲಿ. ಸುತ್ತಲಿನ ಭಾಷೆಗಳಲ್ಲೂ ಮಕ್ಕಳು ಇದನ್ನು ಕೇಳಿಯೇ ಬೆಳೆದಿರುತ್ತಾರೆ. ಮಲಯಾಳದ 'ಪಟ್ಟುಮೋ', ತಮಿಳಿನ 'ಮುಡಿಯುಮಾ', ತೆಲುಗಿನ 'ವೀಲವುತುಂದಾ', ಮರಾಠಿಯ 'ಜಮೇಲ್ ಕಾ' ಇವೆಲ್ಲ ಆಗುವುದೇ ಎಂದು ಕೇಳುವ ಮಾತುಗಳೇ. ಅಕ್ಕಲಕೋಟೆ, ಜತ್ತ ಕಡೆಯ ಮಗು 'ಆಗ್ತದೇನ್ರೀ?' ಎಂದರೆ ಅದೇ ಅರ್ಥ ಅದೇ ಮೃದುತ್ವದಿಂದ ಬರುತ್ತದೆ, ಅದನ್ನು ತಿದ್ದಬೇಕಾಗಿಲ್ಲ.

ಆದರೆ ಕ್ರಿಯಾಪದವೊಂದೇ ಸಾಲದು. ಅದೇ ಶಿಕ್ಷಕಿ ಸೋಮವಾರ ಸಂಜೆ ಫೋನಿನಲ್ಲಿ ಈ ಸಂದೇಶವನ್ನು ಕಳುಹಿಸಿದರೆನ್ನಿ:

"ಅಕ್ಕ, ನಮಸ್ಕಾರ. ವಿದ್ಯಾರ್ಥಿವೇತನದ ಕುರಿತು ಶಾಲೆಗೆ ಮಲಯಾಳದಲ್ಲಿ ಸುತ್ತೋಲೆ ಬಂದಿದೆ. ಶುಕ್ರವಾರದ ಸಭೆಯಲ್ಲಿ ಹೆತ್ತವರಿಗೆ ಅದನ್ನು ವಿವರಿಸಬೇಕಾಗಿದೆ. ಅದರಲ್ಲಿ ದಾಖಲೆಗಳ ಪಟ್ಟಿಯಿರುವ ಒಂದು ಪುಟವನ್ನು ಓದಿ ಅರ್ಥ ಹೇಳಲು ಬುಧವಾರದೊಳಗೆ ನಿಮಗೆ ಅರ್ಧ ಗಂಟೆ ಬಿಡುವು ಆದೀತೇ? ಆಗದಿದ್ದರೆ 'ಆಗದು' ಎಂದು ಒಂದು ಮಾತು ಬರೆದರೆ ಸಾಕು. ಪಕ್ಕದ ಶಾಲೆಯ ಮಲಯಾಳ ಅಧ್ಯಾಪಕರನ್ನು ಗುರುವಾರ ಕೇಳಬಹುದು."

ಇಲ್ಲಿ ಮೊದಲು ಕೆಲಸದ ಅಳತೆ ನಿಜವಾಗಿದೆ. ನಾಲ್ಕು ಪುಟಗಳ ಅನುವಾದ ಬೇಕಾಗಿಲ್ಲ, ಒಂದು ಪುಟದ ಅರ್ಥ ಸಾಕು ಎಂಬುದನ್ನು ಶಿಕ್ಷಕಿ ತಾವೇ ಮೊದಲು ಕಂಡುಕೊಂಡಿದ್ದಾರೆ. 'ಒಂದು ಸಣ್ಣ ಸಹಾಯ ಆಗಬೇಕಿತ್ತು, ಮಾಡುತ್ತೀರಾ?' ಎಂದು ಕೆಲಸವನ್ನು ಹೇಳದೆಯೇ ಒಪ್ಪಿಗೆ ಪಡೆಯುವ ರೂಢಿಗೆ ಇದು ನೇರ ವಿರುದ್ಧ. ಎರಡನೆಯದಾಗಿ, ಉತ್ತರಿಸಲು ಏಕಾಂತವೂ ಸಮಯವೂ ದೊರೆತಿವೆ. ಮುಖ ನೋಡಿ ಒಪ್ಪಿಕೊಳ್ಳಬೇಕಾದ ಇಕ್ಕಟ್ಟು ಇಲ್ಲ. ಮೂರನೆಯದಾಗಿ, ಇನ್ನೊಂದು ದಾರಿಯನ್ನು ಹೆಸರಿಸಿ ಹೇಳಲಾಗಿದೆ. ತಾನು ಒಪ್ಪದಿದ್ದರೆ ಸಭೆ ಕೆಡುತ್ತದೆಂಬ ಭಾರ ಆ ಮಹಿಳೆಯ ಮೇಲಿಲ್ಲ. ಈ ಇನ್ನೊಂದು ದಾರಿ ನಿಜವಾಗಿಯೂ ಇರಬೇಕು. ಇಲ್ಲದ ದಾರಿಯನ್ನು ಸೌಜನ್ಯಕ್ಕೆಂದು ಹೇಳಿದರೆ, 'ಆಗದು' ಎಂಬ ಉತ್ತರ ಬಂದ ಕೂಡಲೇ ಕೇಳಿದವರ ಧ್ವನಿ ಬದಲಾಗುತ್ತದೆ. ಮುಂದಿನ ಸಲ ಅವರ ಮೃದುಮಾತನ್ನು ಯಾರೂ ನಂಬುವುದಿಲ್ಲ.

ಕೇಳಿಕೆ ಇಷ್ಟು ಚೆನ್ನಾಗಿದ್ದರೂ ನೇರವಾದ 'ಆಗದು' ಬಾರದೆ ಇರಬಹುದು. ಕನ್ನಡಿಗರ ನಿರಾಕರಣೆ ಬಹಳ ಸಲ ಬೇರೆ ವೇಷದಲ್ಲಿ ಬರುತ್ತದೆ. 'ನೋಡೋಣ', 'ಪ್ರಯತ್ನ ಮಾಡುತ್ತೇನೆ', 'ಮನೆಯಲ್ಲಿ ಕೇಳಿ ಹೇಳುತ್ತೇನೆ' ಎಂಬ ಮಾತುಗಳು ಒಪ್ಪಿಗೆಯೂ ಆಗಬಹುದು, ನಿರಾಕರಣೆಯೂ ಆಗಬಹುದು. ಗುರುತು ಇದು: ಒಪ್ಪಿದವರು ಕೆಲಸದ ಕುರಿತು ಮರುಪ್ರಶ್ನೆ ಕೇಳುತ್ತಾರೆ. ಯಾವ ಪುಟ, ಬರೆದುಕೊಡಬೇಕೇ, ಎಲ್ಲಿ ಸಿಗುತ್ತೀರಿ ಎನ್ನುತ್ತಾರೆ. 'ನೋಡೋಣ' ಎಂದು ಅಲ್ಲಿಗೇ ಮಾತು ನಿಂತರೆ ಅದನ್ನು 'ಇಲ್ಲ' ಎಂದೇ ತಿಳಿಯುವುದು ಲೇಸು. ಆಗ ಎರಡನೆಯ ಸಲ ನೆನಪಿಸುವುದಕ್ಕಿಂತ, ಹೇಳಿದ ದಿನದಂದು ತಾವೇ ಬಿಡುಗಡೆ ಕೊಡಬೇಕು: "ಅಕ್ಕ, ಆ ಸುತ್ತೋಲೆಯ ಕೆಲಸವನ್ನು ಮಲಯಾಳ ಅಧ್ಯಾಪಕರ ಬಳಿ ಕೇಳುತ್ತೇನೆ, ಅದರ ಚಿಂತೆ ಬೇಡ." ಕಾರಣವನ್ನು ಕೇಳಬಾರದು. ಕಾರಣ ಕೇಳಿದರೆ ಆಕೆ ಒಂದು ನೆಪವನ್ನು ಹುಡುಕಬೇಕಾಗುತ್ತದೆ. ಮರುದಿನ ಬಸ್ಸಿನಲ್ಲಿ ಎಂದಿನಂತೆ ಬೇರೆ ಮಾತು ಆಡಿದರೆ, ಆ 'ಇಲ್ಲ'ದಿಂದ ಏನೂ ಕೆಡಲಿಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಈ ಕ್ರಮಕ್ಕೆ ಒಂದು ಮಿತಿಯಿದೆ. ಅದು ಶಿಕ್ಷಕರಿಗೇ ಹೆಚ್ಚು ಅನ್ವಯಿಸುತ್ತದೆ. ಆ ಗುಮಾಸ್ತೆಯ ಮಗು ಅದೇ ಶಿಕ್ಷಕಿಯ ತರಗತಿಯಲ್ಲಿದೆ ಎಂದು ಭಾವಿಸಿದರೆ ಲೆಕ್ಕವೆಲ್ಲ ಬದಲಾಗುತ್ತದೆ. 'ಆದೀತೇ' ಎಂದು ಎಷ್ಟೇ ಮೃದುವಾಗಿ ಕೇಳಿದರೂ ತಾಯಿಯ ಕಿವಿಗೆ ಅದು 'ಬೇಕು' ಎಂದೇ ಕೇಳಿಸುತ್ತದೆ. ಸಣ್ಣ ಊರಿನಲ್ಲಿ ಶಿಕ್ಷಕರ ಪರಿಚಿತರಲ್ಲಿ ಬಹುಮಂದಿ ಮಕ್ಕಳ ಹೆತ್ತವರೇ ಆಗಿರುತ್ತಾರೆ. ಅಂಥವರಲ್ಲಿ ಒಬ್ಬರನ್ನೇ ಆರಿಸಿ ಕೇಳುವುದಕ್ಕಿಂತ, 'ಮಲಯಾಳದ ಒಂದು ಪುಟ ಓದಿಹೇಳಬಲ್ಲವರು ಯಾರಾದರೂ ಇದ್ದರೆ ತಿಳಿಸಬಹುದು' ಎಂದು ಎಲ್ಲರಿಗೂ ಒಟ್ಟಿಗೆ ಸೂಚಿಸುವುದು ಮೇಲು. ಆಗ ಸುಮ್ಮನಿರುವವರನ್ನು ಯಾರೂ ಗುರುತಿಸುವುದಿಲ್ಲ. ಶಾಲೆಯ ಕೆಲಸವಲ್ಲದ ಸ್ವಂತ ಕೆಲಸವಾದರೆ ಅವರನ್ನು ಕೇಳದಿರುವುದೇ ಸರಿ. ಇನ್ನೊಂದೆಡೆ, ಮಗುವೊಂದು ಬಿದ್ದು ಗಾಯಗೊಂಡಾಗ ವಾಹನವುಳ್ಳವರನ್ನು 'ಬಿಡುವು ಆದೀತೇ' ಎಂದು ಕೇಳುತ್ತ ನಿಲ್ಲುವುದು ಸಲ್ಲದು. ಅಲ್ಲಿ 'ಕೂಡಲೇ ಬನ್ನಿ' ಎಂಬುದೇ ತಕ್ಕ ಮಾತು.

ತರಗತಿಯಲ್ಲಿ ಇದನ್ನು ಒಂದು ಅವಧಿಯಲ್ಲಿ ಅಭ್ಯಾಸ ಮಾಡಿಸಬಹುದು. ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಸೈಕಲ್ಲನ್ನೋ ಟಿಪ್ಪಣಿ ಪುಸ್ತಕವನ್ನೋ ಕೇಳಲಿ. ಇನ್ನೊಬ್ಬರು ಕಡ್ಡಾಯವಾಗಿ ನಿರಾಕರಿಸಲಿ. ಮೊದಲು 'ಕೊಡಲೇಬೇಕು' ಎಂದು ಕೇಳಿಸಿ, ಆಮೇಲೆ 'ಸಂಜೆಯವರೆಗೆ ಕೊಡಲು ಆದೀತೇ?' ಎಂದು ಕೇಳಿಸಬೇಕು. ಎರಡು ಸಲವೂ ನಿರಾಕರಿಸಿದ ಮಗುವಿನ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು. ಮೊದಲ ಸಾಲಿನಲ್ಲಿ ನೆಪಗಳು ಕಾಣಿಸಿಕೊಳ್ಳುತ್ತವೆ: ಚಕ್ರದ ಗಾಳಿ ಹೋಗಿದೆ, ಅಣ್ಣ ಬೈಯುತ್ತಾನೆ, ಪುಸ್ತಕ ಮನೆಯಲ್ಲಿದೆ. ಎರಡನೆಯ ಸಾಲಿನಲ್ಲಿ 'ಇವತ್ತು ಆಗಲ್ಲ' ಎಂಬಂಥ ಚಿಕ್ಕ, ನಿಜವಾದ ಮಾತು ಬಂದರೆ ಪಾಠ ತಲುಪಿದಂತೆ. ಅಂಕ ನೀಡುವಾಗ ನೋಡಬೇಕಾದದ್ದು ಕೇಳಿದ ಮಗುವಿಗೆ ವಸ್ತು ದೊರೆಯಿತೇ ಎಂಬುದನ್ನಲ್ಲ; ಎದುರಿನ ಮಗು ಸುಳ್ಳು ಹೇಳದೆ ಒಂದೇ ವಾಕ್ಯದಲ್ಲಿ ನಿರಾಕರಿಸಲು ಸಾಧ್ಯವಾಯಿತೇ ಎಂಬುದನ್ನು.